ನಿದ್ದೆಯಲ್ಲಿ ಒಣಗುವ ಅಂಗೈ

ಹುಡುಗಿಗೆ 16 ವರ್ಷ, ಮೊದಲ ಪಿಯುಸಿ. ಕುರ್ಚಿಯಲ್ಲಿ ಕುಳಿತ ಮೇಲೂ ಬಲಗೈಯಲ್ಲಿದ್ದ ಕರವಸ್ತ್ರವನ್ನು ಬಿಡಲಿಲ್ಲ. ಅವಳ ನೋಟ್ ಪುಸ್ತಕ ತೆರೆದು ನೋಡಿದೆ. ಪ್ರತಿ ಪುಟದಲ್ಲೂ ಅಂಗೈ ಊರುವ ಜಾಗ ನೆನೆದು ಒಣಗಿ ಹಪ್ಪಳದಂತೆ ಸೊಟ್ಟಗಾಗಿತ್ತು, ಶಾಯಿ ಹರಡಿತ್ತು. ಪರೀಕ್ಷೆಯಲ್ಲಿ ಕೈಯ ಕೆಳಗೆ ಇನ್ನೊಂದು ಹಾಳೆ ಇಟ್ಟುಕೊಂಡೇ ಬರೆಯುತ್ತಾಳೆ. ಕಂಕುಳು ನೆನೆದದ್ದು ಕಾಣಬಾರದೆಂದು ಬೇಸಿಗೆಯಲ್ಲೂ ಸ್ವೆಟರ್ ತೆಗೆಯುವುದಿಲ್ಲ.

ತಾಯಿ ನನ್ನ ಮುಂದಿಟ್ಟಿದ್ದು ಲ್ಯಾಬ್ ರಿಪೋರ್ಟ್. ಟಿಎಸ್‌ಎಚ್ 6.1 ಎಂದು ದಪ್ಪಕ್ಷರದಲ್ಲಿತ್ತು. “ಡಾಕ್ಟರೇ, ನಮ್ಮ ಅಕ್ಕನಿಗೂ ಥೈರಾಯ್ಡ್ ಇದೆ. ಇವಳ ಬೆವರೂ ಅದರಿಂದಲೇ ಅಲ್ಲವೇ? ಮೈಯಲ್ಲಿ ಉಷ್ಣ ಎಂದು ಎರಡು ವರ್ಷ ಮೆಂತ್ಯ, ಮಜ್ಜಿಗೆ ಕೊಟ್ಟು ನೋಡಿದೆ” ಎಂದರು.

ಇಂಥ ರಿಪೋರ್ಟ್ ಹಿಡಿದು ಬರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಈ ಸಂಖ್ಯೆ ತೋರಿಸುತ್ತಿರುವ ದಿಕ್ಕೇ ಬೇರೆ. ಟಿಎಸ್‌ಎಚ್ ಎಂಬುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ “ಕೆಲಸ ಮಾಡು” ಎಂಬ ಸೂಚನೆ. ಥೈರಾಯ್ಡ್ ಮಂದವಾದರೆ ಸೂಚನೆ ಜೋರಾಗುತ್ತದೆ, ಟಿಎಸ್‌ಎಚ್ ಏರುತ್ತದೆ. ಥೈರಾಯ್ಡ್ ಅತಿಯಾಗಿ ದುಡಿಯುತ್ತಿದ್ದರೆ ಸೂಚನೆಯೇ ಬೇಕಿಲ್ಲ, ಟಿಎಸ್‌ಎಚ್ ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ. ಬೆವರು ಸುರಿಸುವುದು ಈ ಎರಡನೆಯ ಸ್ಥಿತಿ. ಮಂದವಾದ ಥೈರಾಯ್ಡ್‌ನಲ್ಲಿ ಚರ್ಮ ಒಣಗುತ್ತದೆ, ಚಳಿ ತಡೆಯಲಾಗುವುದಿಲ್ಲ. ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನಾದ ಫ್ರೀ ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ 5, 6 ಎಂದು ತುಸು ಏರಿರುವುದು ಹದಿಹರೆಯದಲ್ಲಿ ಅಪರೂಪವಲ್ಲ. ಕೆಲವು ತಿಂಗಳ ಬಳಿಕ ನೋಡಿದರೆ ಎಷ್ಟೋ ಮಕ್ಕಳಲ್ಲಿ ತಾನಾಗಿ ಇಳಿದಿರುತ್ತದೆ. ಇವಳ ಫ್ರೀ ಟಿ4 ಸರಿಯಿತ್ತು. ಆದ್ದರಿಂದ ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸೋಣ, ಬೆವರಿಗೆ ಕಾರಣ ಇದಲ್ಲ ಎಂದೆ.

“ಕೈ ಚಾಚಮ್ಮ” ಎಂದೆ. ಅಂಗೈ ಒದ್ದೆ, ಆದರೆ ತಣ್ಣಗಿತ್ತು. ಹನಿಗಳು ಬೆರಳ ತುದಿಯಲ್ಲಿ ಸಾಲಾಗಿ ಮೂಡುತ್ತಿದ್ದವು. ಥೈರಾಯ್ಡ್ ಹೆಚ್ಚಾದವರ ಅಂಗೈ ಸಾಮಾನ್ಯವಾಗಿ ಬೆಚ್ಚಗಿರುತ್ತದೆ, ತೇವ ಮೈಯೆಲ್ಲ ಇರುತ್ತದೆ. ಚಾಚಿದ ಬೆರಳುಗಳ ಮೇಲೆ ತೆಳು ಹಾಳೆಯೊಂದನ್ನು ಇಟ್ಟೆ. ಸಣ್ಣ ನಡುಕವಿದ್ದರೆ ಹಾಳೆಯ ಅಂಚು ಅದುರುತ್ತದೆ. ಇವಳಲ್ಲಿ ಅದು ಅಲುಗಲಿಲ್ಲ. ನಾಡಿ 78. ಕುತ್ತಿಗೆಯಲ್ಲಿ ಊತವಿಲ್ಲ, ತೂಕ ಇಳಿದಿಲ್ಲ, ಮುಟ್ಟು ಸರಿಯಾಗಿದೆ.

ಆದರೂ ವೈದ್ಯರ ಕೊಠಡಿಯಲ್ಲಿ ಮಕ್ಕಳು ಗಾಬರಿಯಾಗಿರುತ್ತಾರೆ. ಗಾಬರಿಗೇ ಕೈ ಬೆವರುತ್ತದೆ, ನಾಡಿಯೂ ಓಡುತ್ತದೆ. ಹೀಗಾಗಿ ತಾಯಿಗೆ ಒಂದು ರಾತ್ರಿಯ ಕೆಲಸ ಕೊಟ್ಟೆ. ಮಗಳು ನಿದ್ದೆಹೋಗಿ ಒಂದು ಗಂಟೆಯಾದ ಮೇಲೆ ಎಬ್ಬಿಸದೆ ಅಂಗೈ ಮುಟ್ಟಿ ನೋಡಿ. ಮಣಿಕಟ್ಟಿನಲ್ಲಿ ನಾಡಿಯನ್ನು ಪೂರ್ತಿ 60 ಸೆಕೆಂಡು ಎಣಿಸಿ. ದಿಂಬು, ಹಾಸಿಗೆ ಒದ್ದೆಯಾಗಿದೆಯೇ ನೋಡಿ. ಮೂರನ್ನೂ ಬರೆದು ತನ್ನಿ.

ಇದರ ಹಿಂದಿನ ತರ್ಕ ಸರಳ. ಅಂಗೈ, ಅಂಗಾಲಿನ ಬೆವರು ಬಿಸಿಲಿಗಿಂತ ಹೆಚ್ಚಾಗಿ ಮನಸ್ಸಿನ ಎಚ್ಚರಕ್ಕೆ ಓಗೊಡುತ್ತದೆ. ಬೇರೆ ಕಾಯಿಲೆಯ ಕಾರಣವಿಲ್ಲದೆ ಬರುವ ಪ್ರಾಥಮಿಕ ಅತಿಬೆವರಿನಲ್ಲಿ ಬೆವರು ಗ್ರಂಥಿಗಳು ಆರೋಗ್ಯವಾಗಿಯೇ ಇರುತ್ತವೆ, ಅವುಗಳಿಗೆ ನರಗಳಿಂದ ಬರುವ ಪ್ರಚೋದನೆ ಅತಿಯಾಗಿರುತ್ತದೆ. ನಿದ್ದೆಯಲ್ಲಿ ಆ ಪ್ರಚೋದನೆ ತಣ್ಣಗಾಗಿ ಕೈ ಒಣಗುತ್ತದೆ. ಥೈರಾಯ್ಡ್ ಹಾರ್ಮೋನು ಹಾಗಲ್ಲ, ಅದು ರಕ್ತದಲ್ಲೇ ಇದೆ. ಮಗು ಮಲಗಿದರೂ ಅದು ಮಲಗುವುದಿಲ್ಲ.

ಹಿಂದೆ ನನ್ನ ಬಳಿ ಬಂದಿದ್ದ 15ರ ಹುಡುಗನೊಬ್ಬ ಇದಕ್ಕೆ ಸಾಕ್ಷಿ. ನಿದ್ದೆಯಲ್ಲೂ ಅವನ ನಾಡಿ 104. ಎರಡರಷ್ಟು ಉಣ್ಣುತ್ತಿದ್ದರೂ ನಾಲ್ಕು ತಿಂಗಳಲ್ಲಿ 5 ಕಿಲೋ ಇಳಿದಿದ್ದ. ಮನೆಯವರು ಅದನ್ನು ಎತ್ತರ ಬೆಳೆಯುವ ವಯಸ್ಸು ಎಂದುಕೊಂಡಿದ್ದರು. ಅಕ್ಷರ ಕೆಟ್ಟಿತ್ತು, ಚಳಿಗಾಲದಲ್ಲೂ ಫ್ಯಾನ್ ಬೇಕಿತ್ತು, ಸಣ್ಣ ಮಾತಿಗೂ ರೇಗುತ್ತಿದ್ದ. ಶಾಲೆಯವರು ಶಿಸ್ತಿಲ್ಲದ ಹುಡುಗ ಎಂದು ದೂರಿದ್ದು ಇಂದಿಗೂ ನನಗೆ ನೋವು ತರುತ್ತದೆ. ಅವನ ಟಿಎಸ್‌ಎಚ್ ಅಳತೆಗೇ ಸಿಗದಷ್ಟು ಕಡಿಮೆ, ಫ್ರೀ ಟಿ4 ಬಹಳ ಹೆಚ್ಚು. ಅದು ಥೈರಾಯ್ಡ್ ಅತಿಯಾಗಿ ದುಡಿಯುವ ಗ್ರೇವ್ಸ್ ಕಾಯಿಲೆ. ಇಂಥ ಅನುಮಾನದಲ್ಲಿ ರಕ್ತ ಕೊಡುವ ಮುನ್ನ ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದೀರಾ ಎಂದು ಕೇಳಿಕೊಳ್ಳಬೇಕು. ಕೆಲವು ಪರೀಕ್ಷಾ ವಿಧಾನಗಳಲ್ಲಿ ಅದು ಇಲ್ಲದ ಥೈರಾಯ್ಡ್ ಕಾಯಿಲೆಯನ್ನು ತೋರಿಸಿಬಿಡುತ್ತದೆ.

ಹುಡುಗಿಯ ತಾಯಿ ಚೀಟಿ ತಂದರು. “ರಾತ್ರಿ 11.30. ಕೈ ಒಣಗಿತ್ತು. ನಾಡಿ 62. ದಿಂಬು ಒಣ.” ಜೊತೆಗೆ ಬಂದಿದ್ದ ತಂದೆ, ತಾನೂ ಹೆಗಲ ಮೇಲೆ ಟವೆಲ್ ಇಲ್ಲದೆ ಬೈಕ್ ಹತ್ತುವುದಿಲ್ಲ, ಹ್ಯಾಂಡಲ್ ಜಾರುತ್ತದೆ ಎಂದರು. ಹಿಂದಿನ ಸಲ ಇದನ್ನು ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಆರು ತಿಂಗಳಿಗೂ ಮಿಕ್ಕಿ ಇದೆ, ಎರಡೂ ಕಡೆ ಸಮನಾಗಿದೆ, ವಾರಕ್ಕೊಮ್ಮೆಯಾದರೂ ಕಾಡುತ್ತದೆ, 25 ವರ್ಷದೊಳಗೆ ಶುರುವಾಗಿದೆ, ಮನೆತನದಲ್ಲಿದೆ, ನಿದ್ದೆಯಲ್ಲಿ ನಿಲ್ಲುತ್ತದೆ, ದಿನದ ಕೆಲಸಕ್ಕೆ ಅಡ್ಡಿಯಾಗಿದೆ. ಪ್ರಾಥಮಿಕ ಅತಿಬೆವರು ಎನ್ನಲು ಇಷ್ಟು ಬೇಕಾದ್ದಕ್ಕಿಂತ ಹೆಚ್ಚು.

ಕೊನೆಯ ಆ ಅಡ್ಡಿಯೇ ಸಹಜ ಬೆವರಿಗೂ ಇದಕ್ಕೂ ನಡುವಿನ ಗೆರೆ. ಪ್ರಾಯಕ್ಕೆ ಬರುವಾಗ ಕಂಕುಳಿನ ಗ್ರಂಥಿಗಳು ಚುರುಕಾಗುತ್ತವೆ, ವಾಸನೆಯೂ ಬರುತ್ತದೆ. ಮಂಗಳೂರಿನ ಏಪ್ರಿಲ್‌ನಲ್ಲಿ ಆಡಿ ಬಂದ ಹುಡುಗನ ಅಂಗಿ ತೊಯ್ದಿದ್ದರೆ ಅದು ಕಾಯಿಲೆಯಲ್ಲ. ಸ್ನಾನ ಮಾಡಿ ಫ್ಯಾನಿನ ಕೆಳಗೆ ಕುಳಿತ ಮೇಲೂ ಹಾಳೆ ನೆನೆಯುತ್ತಿದ್ದರೆ, ಕೈಕುಲುಕಲು ಹಿಂಜರಿಯುತ್ತಿದ್ದರೆ, ಮಾತ್ರ ನೋಡಬೇಕಾದ್ದು. ಬೆವರು ಒಂದೇ ಪಕ್ಕದಲ್ಲಿದ್ದರೆ, ಅಥವಾ ರಾತ್ರಿ ಬಟ್ಟೆ ಬದಲಿಸುವಷ್ಟು ಸುರಿದು ಜೊತೆಗೆ ಜ್ವರವಿದ್ದರೆ ಅದು ಸಹಜ ಬೆವರು, ಪ್ರಾಥಮಿಕ ಅತಿಬೆವರು, ಥೈರಾಯ್ಡ್ ಈ ಮೂರೂ ಅಲ್ಲ. ಅಲ್ಲಿ ಕ್ಷಯ ಮೊದಲಾದವನ್ನು ಹುಡುಕಬೇಕಾಗುತ್ತದೆ.

ಕಂಕುಳಿಗೆ 20 ಶೇಕಡಾ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಬರೆದುಕೊಟ್ಟೆ. ಇದು ಬೆವರುನಾಳದ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಬಹುತೇಕರು ಬೆಳಗ್ಗೆ ಸ್ನಾನ ಮುಗಿಸಿ ಒದ್ದೆ ಚರ್ಮಕ್ಕೇ ಹಚ್ಚಿ, ಉರಿ ತಾಳದೆ ಎರಡೇ ದಿನಕ್ಕೆ ಬಿಡುತ್ತಾರೆ. ನೀರು ತಾಗಿದರೆ ಅದರಿಂದ ಆಮ್ಲ ಹುಟ್ಟಿ ಚರ್ಮ ಸುಡುತ್ತದೆ. ಹಚ್ಚಬೇಕಾದ್ದು ರಾತ್ರಿ ಮಲಗುವಾಗ, ಚೆನ್ನಾಗಿ ಒಣಗಿದ ಚರ್ಮಕ್ಕೆ. ಆಗ ಬೆವರು ನಿಂತಿರುತ್ತದೆ, ಔಷಧ ಒಳಗಿಳಿಯುತ್ತದೆ. ಬೆಳಗ್ಗೆ ತೊಳೆಯಬೇಕು. ಕೂದಲು ಬೋಳಿಸಿದ ದಿನ ಹಚ್ಚಬಾರದು. ಹಿಡಿತಕ್ಕೆ ಬಂದ ಮೇಲೆ ವಾರಕ್ಕೆ ಒಂದೆರಡು ರಾತ್ರಿ ಸಾಕು.

ಅಂಗೈಯ ಚರ್ಮ ದಪ್ಪ, ಅಲ್ಲಿ ಈ ದ್ರಾವಣ ಅಷ್ಟಾಗಿ ಸಾಲದು. ಅವಳಿಗೆ ಅಯಾಂಟೋಫೊರೆಸಿಸ್ ಶುರುಮಾಡಿಸಿದೆ. ನಲ್ಲಿ ನೀರಿನ ತಟ್ಟೆಗಳಲ್ಲಿ ಕೈ ಇಟ್ಟು ಸಣ್ಣ ವಿದ್ಯುತ್ತನ್ನು ಸುಮಾರು 20 ನಿಮಿಷ ಹರಿಸುವ ವಿಧಾನ ಅದು. ಮೊದಲು ವಾರಕ್ಕೆ ಮೂರು ಸಲ, ಮುಂದೆ ವಾರಕ್ಕೊಮ್ಮೆ. ಜುಮುಜುಮು ಎನ್ನುವುದು ಸಹಜ. ಉಂಗುರ ತೆಗೆದಿರಬೇಕು, ಗಾಯವಿದ್ದರೆ ವ್ಯಾಸಲೀನ್ ಹಚ್ಚಬೇಕು. ಇದೂ ಸಾಲದಿದ್ದರೆ ಗ್ಲೈಕೋಪೈರೊಲೇಟ್ ಮಾತ್ರೆಯಿದೆ, ಆದರೆ ಬಾಯಿ ಒಣಗುತ್ತದೆ. ಬಿಸಿಲಲ್ಲಿ ಆಡುವ ಮಕ್ಕಳಿಗೆ ಮೈ ಬೆವರದೆ ಕಾವೇರುವ ಅಪಾಯವೂ ಇದೆ. ನರ ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಈ ವಯಸ್ಸಿಗೆ ನಾನು ಸೂಚಿಸುವುದಿಲ್ಲ. ಕೈ ಒಣಗುತ್ತದೆ ನಿಜ, ಆದರೆ ಬೆವರು ಬೆನ್ನು, ಹೊಟ್ಟೆಯಲ್ಲಿ ಹೆಚ್ಚಾಗಿ ಒಡೆಯುವುದು ಬಹಳ ಸಾಮಾನ್ಯ. ಆಮೇಲೆ ಅದನ್ನು ಹಿಂದಿರುಗಿಸುವುದು ಕಷ್ಟ.

ಮೂರು ತಿಂಗಳ ನಂತರ ಬಂದಾಗ ಅವಳ ಟಿಎಸ್‌ಎಚ್ 3.9 ಇತ್ತು, ಮಾತ್ರೆಯಿಲ್ಲದೆ. ಬೆವರು ಪೂರ್ತಿ ಹೋಗಿರಲಿಲ್ಲ. ಗಣಿತದ ಪರೀಕ್ಷೆಯ ದಿನ ಮಾತ್ರ ಹಾಳೆ ಬೇಕಾಯಿತು, ಉಳಿದ ದಿನ ಬೇಕಾಗಲಿಲ್ಲ ಎಂದಳು. ಸ್ವೆಟರ್ ಹಾಕಿರಲಿಲ್ಲ.