ಸುಟ್ಟುಹೋದ ಸ್ಟಾಕ್ ಎಷ್ಟಿತ್ತು? ಹಳೇ ಮಾರ್ಜಿನ್ ಹಿಡ್ಕೊಂಡು ಲೆಕ್ಕ ಹಾಕೋದು

ಫೈರ್ ಕ್ಲೇಮ್ ಲೆಕ್ಕ ಅಂದ್ರೆ ಬಿಕಾಂನಲ್ಲಿ ತುಂಬ ಜನ ಫಾರ್ಮ್ಯಾಟ್ ಬಾಯಿಪಾಠ ಮಾಡ್ಕೊಂಡು ಹೋಗ್ತಾರೆ, ಪ್ರಶ್ನೆಯಲ್ಲಿ ಒಂದು ಅಡ್ಜಸ್ಟ್‌ಮೆಂಟ್ ಹೊಸದಾಗಿ ಬಂದ್ರೆ ಅಲ್ಲೇ ನಿಂತುಬಿಡತ್ತೆ. ಅದಕ್ಕೆ ಫಾರ್ಮ್ಯಾಟ್ ಬಿಟ್ಟು ವಿಷಯ ಏನು ಅಂತ ಮೊದಲು ನೋಡೋಣ. ಮಾಮೂಲಿ ಟ್ರೇಡಿಂಗ್ ಅಕೌಂಟ್‌ನಲ್ಲಿ ವರ್ಷದ ಕೊನೆಗೆ ಸ್ಟಾಕ್ ಎಣಿಸಿ ಬರೀತೀವಿ, ಗ್ರಾಸ್ ಪ್ರಾಫಿಟ್ ತಾನಾಗೇ ಹೊರಗೆ ಬರತ್ತೆ. ಬೆಂಕಿ ಬಿದ್ದಾಗ ಎಣಿಸೋಕೆ ಸ್ಟಾಕೇ ಇಲ್ಲ. ಹಾಗಾಗಿ ಅದೇ ಅಕೌಂಟನ್ನ ಉಲ್ಟಾ ಓಡಿಸ್ತೀವಿ, ಗ್ರಾಸ್ ಪ್ರಾಫಿಟ್ ಎಷ್ಟಿರಬೇಕು ಅಂತ ಹಿಂದಿನ ವರ್ಷಗಳ ಮಾರ್ಜಿನ್ ನೋಡಿ ಹಾಕ್ತೀವಿ, ಸ್ಟಾಕ್ ಹೊರಗೆ ಬರತ್ತೆ. ಇದಕ್ಕೇ ಮೆಮೊರಾಂಡಮ್ ಟ್ರೇಡಿಂಗ್ ಅಕೌಂಟ್ ಅನ್ನೋದು. ಓಪನಿಂಗ್ ಸ್ಟಾಕ್, ಪರ್ಚೇಸ್, ಸೇಲ್ಸ್ ಮೂರಕ್ಕೂ ದಾಖಲೆ ಇರತ್ತೆ, ನಾವು ಅಂದಾಜು ಮಾಡೋದು ಮಾರ್ಜಿನ್ ಒಂದನ್ನೇ, ಅದಕ್ಕೇ ಇಡೀ ಲೆಕ್ಕದಲ್ಲಿ ಜಾಸ್ತಿ ಹೊತ್ತು ಕೊಡಬೇಕಾಗಿರೋದು ಅದಕ್ಕೆ.

ಒಂದು ಲೆಕ್ಕ ತಗೊಳ್ಳೋಣ. ಶಿವಮೊಗ್ಗ ಗಾಂಧಿ ಬಜಾರ್ ಕಡೆ ಒಂದು ಜವಳಿ ಅಂಗಡಿ ಅಂತ ಇಟ್ಕೊಳ್ಳಿ, 2024 ಆಗಸ್ಟ್ 20ರ ರಾತ್ರಿ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಬಿತ್ತು. ಕೊನೇ ಸಲ ಸ್ಟಾಕ್ ಎಣಿಸಿದ್ದು ಮಾರ್ಚ್ 31ಕ್ಕೆ, ಆಗ ಪುಸ್ತಕದಲ್ಲಿ ಬರೆದಿದ್ದು 8,40,000 ರೂಪಾಯಿ. ಹಿಂದಿನ ಮೂರು ವರ್ಷದ ಸೇಲ್ಸ್ 40 ಲಕ್ಷ, 45 ಲಕ್ಷ, 50 ಲಕ್ಷ. ಗ್ರಾಸ್ ಪ್ರಾಫಿಟ್ 7,92,000, ಆಮೇಲೆ 9,09,000, ಕೊನೇ ವರ್ಷ 9,20,000. ಪರ್ಸೆಂಟ್ ಮಾಡಿದ್ರೆ 19.8, 20.2, 18.4.

ಇಲ್ಲಿ ಮೂರನ್ನೂ ಕೂಡಿಸಿ ಆವರೇಜ್ ಹೊಡೆಯೋಕೆ ಕೈ ತುರಿಸತ್ತೆ, ಆದ್ರೆ ಕೊನೇ ವರ್ಷ ಯಾಕೆ ಇಳೀತು ಅಂತ ಕೇಳದೆ ಮುಂದೆ ಹೋಗಬಾರದು. ಈ ಅಂಗಡೀಲಿ ಆಗಿದ್ದು ಏನಂದ್ರೆ, ಹಿಂದಿನ ಮಳೆಗಾಲದಲ್ಲಿ ಒಂದಷ್ಟು ರಗ್ಗು, ಬೆಡ್‌ಶೀಟ್ ಬೂಷ್ಟು ಹಿಡಿದಿತ್ತು (ನಮ್ಮ ಕಡೆ ಗೋಡೆ ಒಸರೋ ಗೋಡೌನ್‌ನಲ್ಲಿ ಇದು ಪ್ರತಿ ವರ್ಷದ ಗೋಳು), ಅದರ ಅಸಲು 1,20,000, ಮಾರಿದ್ರೆ 40,000 ಬಂದ್ರೆ ಹೆಚ್ಚು ಅಂತ ಮಾರ್ಚ್ 31ಕ್ಕೆ ಅದನ್ನ 40,000ಕ್ಕೇ ಸ್ಟಾಕ್‌ನಲ್ಲಿ ತೋರಿಸಿದ್ರು. ಸ್ಟಾಕ್ 80,000 ಕಮ್ಮಿ ಬರೆದ್ರೆ ಗ್ರಾಸ್ ಪ್ರಾಫಿಟ್ಟೂ ಅಷ್ಟೇ ಕಮ್ಮಿ ಆಗತ್ತೆ. ಆದ್ರೆ ಒಳ್ಳೇ ಮಾಲನ್ನ ಮಾರಿದ್ರಲ್ಲಿ ಲಾಭ ಇಳಿದಿಲ್ವಲ್ಲ, ಹಾಗಾಗಿ ಆ 80,000 ವಾಪಸ್ ಸೇರಿಸಿದ್ರೆ 10,00,000, ಅಂದ್ರೆ 50 ಲಕ್ಷಕ್ಕೆ ಸರಿಯಾಗಿ 20 ಪರ್ಸೆಂಟ್. ಈಗ ಮೂರು ವರ್ಷ 19.8, 20.2, 20 ಅಂತ ಒಂದೇ ಸಾಲಲ್ಲಿ ನಿಂತ್ವು, 20 ಅಂತ ಹಾಕಿದ್ರೆ ಇನ್ಶೂರೆನ್ಸ್ ಸರ್ವೇಯರ್ ಮುಂದೇನೂ ಧೈರ್ಯವಾಗಿ ಹೇಳಬಹುದು.

ಅದೇ ಮಾರ್ಜಿನ್ 18, 20, 22 ಅಂತ ಏರ್ತಾ ಬಂದಿದ್ರೆ ಆವರೇಜ್ ತೆಗೆದು 20 ಅನ್ನೋದು ಸರಿ ಆಗಲ್ಲ, ಅಂಗಡಿ ಈಗ ಎಲ್ಲಿದೆ ಅನ್ನೋದು ಮುಖ್ಯ, ಏರಿಕೆಗೆ ಕಾರಣ ಈ ವರ್ಷವೂ ಇದ್ರೆ ಅದೇ ಏರಿಕೆ ಮುಂದುವರಿಸಿ ದರ ಹಿಡೀಬೇಕು.

ಬೂಷ್ಟು ಹಿಡಿದ ಮಾಲನ್ನ ಮಾರ್ಜಿನ್‌ನಿಂದ ತೆಗೆದ ಮೇಲೆ ಲೆಕ್ಕದ ಉಳಿದ ಜಾಗದಿಂದಲೂ ತೆಗೀಲೇಬೇಕು. ಓಪನಿಂಗ್ ಸ್ಟಾಕ್ 8,40,000ದಲ್ಲಿ ಅದರ 40,000 ಕಳೆದ್ರೆ ಒಳ್ಳೇ ಮಾಲು 8,00,000.

ಪರ್ಚೇಸ್ ಕಡೆ ಬನ್ನಿ. ಏಪ್ರಿಲ್ 1ರಿಂದ ಬೆಂಕಿ ಬಿದ್ದ ದಿನದವರೆಗೆ ಪುಸ್ತಕದಲ್ಲಿ 20,70,000 ಇದೆ. ಇದ್ರಲ್ಲಿ 50,000ದ ಒಂದು ಬಿಲ್ ಬರೆದಾಗಿದೆ ಆದ್ರೆ ಬೇಲು ಇನ್ನೂ ಲಾರಿ ಆಫೀಸಲ್ಲೇ ಇತ್ತು, ಅಂಗಡಿಗೆ ಬರದ ಮಾಲು ಅಂಗಡೀಲಿ ಸುಡೋಕೆ ಆಗಲ್ಲ, ಕಳೀಬೇಕು. 30,000ದ ಹೊಸ ರ್‍ಯಾಕ್ ತಗೊಂಡಿದ್ದನ್ನ ಯಾರೋ ಪರ್ಚೇಸ್‌ಗೆ ಹಾಕಿದಾರೆ, ಅದು ಮಾರೋ ಸರಕಲ್ಲ, ಅದೂ ಹೋಗ್ಲಿ. ಮಾಲೀಕರು ಮನೆ ಫಂಕ್ಷನ್‌ಗೆ ಅಂತ 10,000ದ ಸೀರೆ ಒಯ್ದಿದ್ರು, ಬಿಲ್ ಹಾಕಿಲ್ಲ, ಅದನ್ನೂ ಅಸಲಲ್ಲಿ ಕಳೀಬೇಕು. ಉಳಿದಿದ್ದು 19,80,000. ಪ್ರತಿಯೊಂದಕ್ಕೂ ಕೇಳ್ಕೊಳ್ಳೋ ಪ್ರಶ್ನೆ ಒಂದೇ, ಆ ರಾತ್ರಿ ಈ ಮಾಲು ಅಂಗಡಿ ಒಳಗಿತ್ತಾ, ಇವರದ್ದೇ ಆಗಿತ್ತಾ. ಇದನ್ನ ಕೇಳ್ಕೊಂಡ್ರೆ ಪ್ರಶ್ನೆಪತ್ರಿಕೆಯಲ್ಲಿ ಯಾವ ಅಡ್ಜಸ್ಟ್‌ಮೆಂಟ್ ಬಂದ್ರೂ ಕೂಡಿಸಬೇಕಾ ಕಳೀಬೇಕಾ ಅಂತ ಗೊತ್ತಾಗತ್ತೆ, ಮಾಲು ಬಂದು ಬಿಲ್ ಬರೀದೆ ಇದ್ರೆ ಕೂಡಿಸೋದೂ ಇದೇ ಕಾರಣಕ್ಕೆ.

ಸೇಲ್ಸ್ 25,60,000. ಗಿರಾಕಿಗಳು ವಾಪಸ್ ಕೊಟ್ಟಿದ್ದು 40,000, ಬೂಷ್ಟು ಮಾಲಿನ ಅರ್ಧ ಭಾಗ ಮಾರಿ ಬಂದಿದ್ದು 20,000. ಎರಡೂ ಕಳೆದ್ರೆ ಒಳ್ಳೇ ಮಾಲಿನ ಸೇಲ್ಸ್ 25,00,000. ಜಿಎಸ್‌ಟಿ ಸೇರಿಸಿರೋ ಬಿಲ್ ಮೊತ್ತ ಇಲ್ಲಿ ಬರಬಾರದು, ತೆರಿಗೆ ಬಿಟ್ಟ ಮೊತ್ತಾನೇ ತಗೋಬೇಕು, ಇಲ್ಲಾಂದ್ರೆ ತೆರಿಗೆ ಮೇಲೂ ಲಾಭ ಲೆಕ್ಕ ಹಾಕಿದ ಹಾಗಾಗತ್ತೆ.

```
ಓಪನಿಂಗ್ ಸ್ಟಾಕ್ (ಒಳ್ಳೇ ಮಾಲು)      8,00,000
+ ಪರ್ಚೇಸ್                        19,80,000
- ಮಾರಿದ ಮಾಲಿನ ಅಸಲು
  (25,00,000 ರಲ್ಲಿ 80%)          20,00,000
= ಒಳ್ಳೇ ಮಾಲಿನ ಸ್ಟಾಕ್              7,80,000
+ ಉಳಿದ ಬೂಷ್ಟು ಮಾಲು                 20,000
= ಬೆಂಕಿ ದಿನದ ಸ್ಟಾಕ್               8,00,000
```

ಈಗ ಮಾರ್ಜಿನ್ ವಿಷಯಕ್ಕೆ ಮತ್ತೆ ಬರ್ತೀನಿ, ಯಾಕಂದ್ರೆ ಇದನ್ನ ಪುಸ್ತಕಗಳಲ್ಲಿ ಒತ್ತಿ ಹೇಳಲ್ಲ. ಕೊನೇ ವರ್ಷದ 18.4 ಅನ್ನೇ ಹಾಗೇ ಹಾಕಿದ್ದಿದ್ರೆ ಮಾರಿದ ಮಾಲಿನ ಅಸಲು 20,40,000 ಆಗ್ತಿತ್ತು, ಸ್ಟಾಕ್ 40,000 ಕಮ್ಮಿ ಬರ್ತಿತ್ತು. ದರದಲ್ಲಿ ಒಂದು ಪರ್ಸೆಂಟ್ ತಪ್ಪಿದ್ರೆ ತಪ್ಪು ಬೀಳೋದು ಸ್ಟಾಕ್‌ನ ಒಂದು ಪರ್ಸೆಂಟ್ ಅಲ್ಲ, ಸೇಲ್ಸ್‌ನ ಒಂದು ಪರ್ಸೆಂಟ್, ಇಲ್ಲಿ 25,000. ಅಂದ್ರೆ ಸ್ಟಾಕ್ ಎಣಿಸಿ ಎಷ್ಟು ತಿಂಗಳು ಕಳೆದಿರತ್ತೋ ಅಷ್ಟು ಸೇಲ್ಸ್ ಜಾಸ್ತಿ, ಅಷ್ಟು ತಪ್ಪೂ ದೊಡ್ಡದು. ಮೇ ತಿಂಗಳಲ್ಲಿ ಬಿದ್ದ ಬೆಂಕಿಗಿಂತ ಫೆಬ್ರವರೀಲಿ ಬಿದ್ದ ಬೆಂಕಿಯ ಅಂದಾಜು ಜಾಸ್ತಿ ಅಲ್ಲಾಡತ್ತೆ. ಮಧ್ಯೆ ಒಂದು ಸಲ, ದೀಪಾವಳಿ ಮುಂಚೆನೋ ಆಮೇಲೋ, ಸ್ಟಾಕ್ ಎಣಿಸಿಟ್ಟಿದ್ರೆ ಆ ದಿನಾಂಕದಿಂದ ಲೆಕ್ಕ ಶುರು ಮಾಡಿ, ಏಪ್ರಿಲ್‌ನಿಂದ ಅಲ್ಲ.

ಇನ್ನೊಂದು ಕಡೆ ಜನ ಎಡವೋದು, ಅಸಲಿನ ಮೇಲೆ ಲಾಭಾನಾ ಮಾರಾಟದ ಮೇಲೆ ಲಾಭಾನಾ ಅನ್ನೋದ್ರಲ್ಲಿ. 80 ರೂಪಾಯಿಗೆ ತಂದು 100ಕ್ಕೆ ಮಾರಿದ್ರೆ ಅಸಲಿನ ಮೇಲೆ 25, ಮಾರಾಟದ ಮೇಲೆ 20. ವ್ಯಾಪಾರಿ ಬಾಯಲ್ಲಿ ಬರೋದು ಸಾಮಾನ್ಯವಾಗಿ 25, ಅದನ್ನ ಹಾಗೇ ಸೇಲ್ಸ್ ಮೇಲೆ ಹಾಕಿದ್ರೆ ನಮ್ಮ ಲೆಕ್ಕದಲ್ಲಿ ಸ್ಟಾಕ್ 1,25,000 ಜಾಸ್ತಿ ಬರತ್ತೆ.

ಜವಳಿ ಅಂಗಡಿ ಅಂದ್ಮೇಲೆ ಆಷಾಢದ ಡಿಸ್ಕೌಂಟ್ ಬಿಡೋ ಹಾಗಿಲ್ಲ. 2024ರಲ್ಲಿ ಆಷಾಢ ಜುಲೈ 6ರಿಂದ ಆಗಸ್ಟ್ 4ರವರೆಗೆ, ಪೂರ್ತಿ ನಮ್ಮ ಅವಧಿ ಒಳಗೇ ಬಂತು. ಮೇಲಿನ ಲೆಕ್ಕದಲ್ಲಿ ಡಿಸ್ಕೌಂಟ್ ಇಲ್ಲ ಅಂತ ಹಿಡಿದಿದೀನಿ. ಇದ್ದಿದ್ರೆ? 80ರ ಮಾಲು 100ರ ಬದ್ಲು 90ಕ್ಕೆ ಹೋಯ್ತು ಅನ್ನಿ, ಲಾಭ 10 ಅಷ್ಟೇ. ನಾವು 90ಕ್ಕೆ 20 ಪರ್ಸೆಂಟ್ ಕಳೆದು ಅಸಲು 72 ಅಂದ್ಕೊಂಡ್ರೆ ಪ್ರತಿ ಪೀಸ್‌ಗೆ 8 ರೂಪಾಯಿಯ ಮಾಲು ಇನ್ನೂ ಅಂಗಡೀಲಿದೆ ಅಂತ ಲೆಕ್ಕ ತೋರಿಸತ್ತೆ, ನಿಜಕ್ಕೆ ಅದು ಇಲ್ಲ. ಆಷಾಢದಲ್ಲಿ ನಾಲ್ಕೂವರೆ ಲಕ್ಷ ವ್ಯಾಪಾರ ಆಗಿದ್ರೆ ಹೀಗೇ 40,000 ಸುಮ್ನೆ ಉಬ್ಬತ್ತೆ. ಹಿಂದಿನ ವರ್ಷಗಳಲ್ಲೂ ಆಷಾಢ ಇತ್ತಲ್ಲ, ಆ 20 ಪರ್ಸೆಂಟ್ ಒಳಗೇ ಸೇರಿರತ್ತಲ್ಲ ಅಂತ ಕೇಳಬಹುದು. ಹೌದು, ಆದ್ರೆ ಅಲ್ಲಿ ಒಂದು ತಿಂಗಳ ಡಿಸ್ಕೌಂಟ್ ಹನ್ನೆರಡು ತಿಂಗಳಿಗೆ ಹಂಚಿಹೋಗಿದೆ, ದೀಪಾವಳಿ, ಮದುವೆ ಸೀಸನ್ ಎಲ್ಲಾ ಸೇರಿ, ಇಲ್ಲಿ ನಾಲ್ಕೂ ಚಿಲ್ಲರೆ ತಿಂಗಳಲ್ಲೇ ಒಂದು ತಿಂಗಳು ಆಷಾಢ. ಹಿಂದಿನ ವರ್ಷಗಳ ಇದೇ ತಿಂಗಳುಗಳ ಮಾರ್ಜಿನ್ ಸಿಗೋದಾದ್ರೆ ಅದು ಒಳ್ಳೇದು, ಇಲ್ಲಾಂದ್ರೆ ಡಿಸ್ಕೌಂಟ್ ಸೇಲ್ಸನ್ನ ಬೇರೆ ಮಾಡಿ ಅದಕ್ಕೆ ಬೇರೆ ದರ ಹಾಕಿ.

ಕ್ಲೇಮ್‌ಗೆ ಬಂದ್ರೆ, ಸುಡದೆ ಉಳಿದ ಮಾಲು 80,000 ಬೆಲೆದು ಅಂತ ಸಿಕ್ತು, ನಷ್ಟ 7,20,000. ಪಾಲಿಸಿ ಮಾಡಿಸಿದ್ದು 6,00,000ಕ್ಕೆ, ಇದ್ದ ಸ್ಟಾಕ್ 8,00,000. ಇದ್ದ ಸ್ಟಾಕ್‌ನಲ್ಲಿ ಎಷ್ಟು ಭಾಗಕ್ಕೆ ಪಾಲಿಸಿ ಇದೆಯೋ ನಷ್ಟದಲ್ಲೂ ಅಷ್ಟೇ ಭಾಗ ಕೊಡೋದು ಅನ್ನೋ ಆವರೇಜ್ ಕ್ಲಾಜ್ ಪಾಲಿಸಿಯಲ್ಲಿದ್ರೆ ನಾಲ್ಕರಲ್ಲಿ ಮೂರು ಭಾಗ ಮಾತ್ರ, 5,40,000. ಸ್ಟಾಕ್ ಜಾಸ್ತಿ ಇತ್ತು ಅಂತ ತೋರಿಸಿದ್ರೆ ಕ್ಲೇಮ್ ಅಷ್ಟೇ ಜಾಸ್ತಿ ಅಂತ ಅಂದ್ಕೋಬೇಡಿ, ಸ್ಟಾಕ್ ಏರಿದ ಹಾಗೆ ಈ ಭಾಗವೂ ಕಿರಿದಾಗತ್ತೆ. ಸುಟ್ಟ ಮಾಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನ ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(h) ಪ್ರಕಾರ ವಾಪಸ್ ಮಾಡಬೇಕು, ಕಳುವಾದ ಮಾಲಿಗೂ ಅದೇ. ಪುಸ್ತಕಗಳೂ ಸುಟ್ಟುಹೋಗಿದ್ರೆ GSTR-1ರಿಂದ ಸೇಲ್ಸ್, GSTR-2Bಯಿಂದ ರಿಜಿಸ್ಟರ್ಡ್ ವ್ಯಾಪಾರಿಗಳ ಹತ್ರ ತಂದ ಪರ್ಚೇಸ್ ಪೋರ್ಟಲ್‌ನಲ್ಲಿ ಸಿಗತ್ತೆ.

ಕಳ್ಳತನಕ್ಕೂ ಇದೇ ದಾರಿ, ಕೊನೇ ಹೆಜ್ಜೆ ಬೇರೆ. ಇರಬೇಕಾಗಿದ್ದು 8,00,000 ಅಂತ ಲೆಕ್ಕ ಹೇಳ್ತು, ಕಳ್ಳರು ಬಿಟ್ಟುಹೋಗಿದ್ದನ್ನ ಎಣಿಸಿದ್ರೆ 5,50,000, ಹೋಗಿದ್ದು 2,50,000. ಗಿರಾಕಿ ಒಂದೊಂದು ಪೀಸ್ ಎತ್ಕೊಂಡು ಹೋಗೋದು, ಮೀಟರ್ ಬಟ್ಟೆ ಕೊಯ್ಯುವಾಗ ಸ್ವಲ್ಪ ಹೆಚ್ಚು ಹೋಗೋದು, ಇಂಥ ಮಾಮೂಲಿ ಕೊರತೆ ಈ ಎರಡೂವರೆ ಲಕ್ಷದಲ್ಲಿ ಸೇರಿಲ್ವಾ ಅಂದ್ರೆ, ಬಹುಮಟ್ಟಿಗೆ ಸೇರಿಲ್ಲ. ಹಿಂದಿನ ವರ್ಷಗಳ ಕ್ಲೋಸಿಂಗ್ ಸ್ಟಾಕ್ ಎಣಿಸಿ ಬರೆದಿದ್ದಾದ್ರೆ ಆ ಕೊರತೆ ಆಗಲೇ ಮಾರ್ಜಿನ್ ಕಮ್ಮಿ ಮಾಡಿದೆ, 20 ಅನ್ನೋದು ಅದೆಲ್ಲಾ ಕಳೆದು ಉಳಿದ ದರ. ಆದ್ರೆ ಇದಕ್ಕೆ ಇನ್ನೊಂದು ಮುಖ ಇದೆ. ಅಂಗಡಿ ಒಳಗಿನವರೇ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಸಾಗಿಸ್ತಾ ಬಂದಿದ್ರೆ ಆ ಕಳವೂ ಹಳೇ ಮಾರ್ಜಿನ್ ಒಳಗೇ ಕೂತಿರತ್ತೆ, ಈ ವಿಧಾನ ಅದನ್ನ ಯಾವತ್ತೂ ಹಿಡಿಯಲ್ಲ, ಎಲ್ಲಾ ಸರಿ ಇದೆ ಅಂತಾನೇ ಹೇಳತ್ತೆ. ಅದನ್ನ ಕಂಡುಹಿಡಿಯೋಕೆ ಅಂಗಡಿಯವರು ಮಾಲಿಗೆ ಹಾಕೋ ಬೆಲೆ ಪ್ರಕಾರ ಬರಬೇಕಾದ ಮಾರ್ಜಿನ್ ಎಷ್ಟು, ಪುಸ್ತಕದಲ್ಲಿ ಬಂದಿದ್ದೆಷ್ಟು ಅಂತ ಹೋಲಿಸಬೇಕು.

ಅಡಿಕೆ ಮಂಡಿಗೆ ಮಾತ್ರ ಇದನ್ನ ಹಾಕೋಕೆ ಹೋಗಬೇಡಿ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆ ಒಂದೊಂದಕ್ಕೂ ಬೇರೆ ಬೇರೆ ರೇಟು, ಅದೂ ವಾರ ವಾರಕ್ಕೆ ಏರಿಳಿಯತ್ತೆ, ರೇಟು ಏರೋವಾಗ ಹಳೇ ಮಾಲು ಮಾರಿದ ಲಾಭಕ್ಕೂ ಇಳಿಯೋವಾಗಿನ ಲಾಭಕ್ಕೂ ಸಂಬಂಧಾನೇ ಇರಲ್ಲ, ಮೂರು ವರ್ಷದ ಮಾರ್ಜಿನ್ ಪಕ್ಕಪಕ್ಕ ಇಟ್ರೆ ಗೊತ್ತಾಗತ್ತೆ, ಒಂದಕ್ಕೊಂದು ತಾಳೆಯೇ ಆಗಲ್ಲ. ಅಲ್ಲಿ ಬಂದ ಚೀಲ, ಹೋದ ಚೀಲ, ಒಣಗಿ ಇಳಿದ ತೂಕ ಅಂತ ಬಗೆ ಬಗೆಗೆ ಬೇರೆ ಬೇರೆ ತೂಕದ ಲೆಕ್ಕ ಹಿಡಿದು, ಉಳಿದ ತೂಕಕ್ಕೆ ಅಸಲು ಹಾಕೋದೇ ಸರಿ.