ಹನ್ನೆರಡು ಮೈಲಿನ ಗೆರೆ ಎಲ್ಲಿಂದ ಶುರು?

ರಾತ್ರಿ ಹನ್ನೊಂದರ ಮೇಲೆ ಬೋಟ್ ಮಾಲೀಕರೊಬ್ಬರ ಫೋನ್ ಬಂತೆಂದರೆ ವಿಷಯ ಹೆಚ್ಚಾಗಿ ಒಂದೇ. "ವಕೀಲ್ರೇ, ನಮ್ಮ ಬೋಟನ್ನು ಪಕ್ಕದ ರಾಜ್ಯದವರು ಹಿಡಿದು ಅವರ ಬಂದರಿಗೆ ತೆಗೆದುಕೊಂಡು ಹೋಗಿದ್ದಾರೆ. ನಮ್ಮವರು ಹೊರಗೇ ಇದ್ದರು ಮಾರಾಯ್ರೆ, ಒಳಗೆ ಹೋಗಲೇ ಇಲ್ಲ." ಒಳಗೆ, ಹೊರಗೆ ಎಂದು ಅವರು ಹೇಳುವುದು ಹನ್ನೆರಡು ನಾಟಿಕಲ್ ಮೈಲಿನ ಗೆರೆಯನ್ನು. ಆಗ ನಾನು ಕೇಳುವುದು ಎರಡೇ ಪ್ರಶ್ನೆ. ಬೋಟು ಸರಿಯಾಗಿ ಎಲ್ಲಿತ್ತು? ಬಲೆ ನೀರಿನಲ್ಲಿತ್ತೋ, ಬೋಟಿನ ಮೇಲಿತ್ತೋ? ನಮ್ಮ ಕರಾವಳಿಯ ಆಳಸಮುದ್ರ ಬೋಟುಗಳ ಪ್ರಕರಣಗಳು ನಿಲ್ಲುವುದೂ ಬೀಳುವುದೂ ಈ ಎರಡು ಉತ್ತರಗಳ ಮೇಲೆ.

ಮೊದಲು ಗೆರೆಯ ವಿಚಾರ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದಕ್ಕೆ ಭಾರತ 1995ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ನಮ್ಮ ಸಂಸತ್ತು ಅದಕ್ಕೂ ಮುಂಚೆ, 1976ರಲ್ಲೇ, ಕಡಲ ವಲಯಗಳ ಕಾಯ್ದೆ ಮಾಡಿತ್ತು. ಎರಡೂ ಹೇಳುವ ಅಳತೆ ಒಂದೇ: ಆಧಾರರೇಖೆಯಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್, ಪ್ರಾದೇಶಿಕ ಸಮುದ್ರ. ಅದೇ ಆಧಾರರೇಖೆಯಿಂದ 200 ಮೈಲಿನವರೆಗೆ, ಅಂದರೆ ಸುಮಾರು 370 ಕಿಲೋಮೀಟರ್, ವಿಶೇಷ ಆರ್ಥಿಕ ವಲಯ. ಪ್ರಾದೇಶಿಕ ಸಮುದ್ರ ನೆಲದಷ್ಟೇ ನಮ್ಮದು. ನೀರು, ಅದರ ಮೇಲಿನ ಆಕಾಶ, ಕೆಳಗಿನ ತಳ, ಎಲ್ಲವೂ ದೇಶದ ಪೂರ್ಣ ಅಧಿಕಾರಕ್ಕೆ ಸೇರಿದ್ದು. ಆರ್ಥಿಕ ವಲಯದಲ್ಲಿ ನಮಗಿರುವುದು ಮುಖ್ಯವಾಗಿ ಸಂಪನ್ಮೂಲದ ಹಕ್ಕು. ಅಲ್ಲಿ ಹೊರದೇಶದ ಹಡಗು ಯಾರನ್ನೂ ಕೇಳದೆ ಹಾದುಹೋಗಬಹುದು. ಆದರೆ ಅದರಡಿಯ ಬಂಗುಡೆಯನ್ನಾಗಲಿ ಬೊಂಡಾಸನ್ನಾಗಲಿ ನಮ್ಮ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ.

ನಮ್ಮ ಬೋಟಿನವರಿಗೆ ಈ ಗೆರೆ ಇನ್ನೊಂದು ಕಾರಣಕ್ಕೂ ಮುಖ್ಯ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯಲ್ಲಿದೆ. ಪ್ರಾದೇಶಿಕ ಸಮುದ್ರದ ಆಚೆಗಿನ ಮೀನುಗಾರಿಕೆ ಮಾತ್ರ ಕೇಂದ್ರಪಟ್ಟಿಯಲ್ಲಿದೆ. ಆದ್ದರಿಂದ ಹನ್ನೆರಡು ಮೈಲಿನೊಳಗೆ ಯಾವ ಬಲೆ, ಯಾವ ಬೋಟು, ಯಾವ ತಿಂಗಳು ಎಂದು ಹೇಳುವುದು ಆಯಾ ರಾಜ್ಯ. ಕರ್ನಾಟಕದಲ್ಲಿ ಅದಕ್ಕೆ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ, ನೆರೆಯ ರಾಜ್ಯಗಳಿಗೆ ಅವರವರದ್ದೇ ಕಾಯ್ದೆಗಳಿವೆ. ಮಲ್ಪೆಯ ಟ್ರಾಲ್ ಬೋಟು ನಮ್ಮ ಪರವಾನಗಿ ಇಟ್ಟುಕೊಂಡು ಇನ್ನೊಂದು ರಾಜ್ಯದ ಹನ್ನೆರಡು ಮೈಲಿನೊಳಗೆ ಬಲೆ ಎಳೆದರೆ ಆ ರಾಜ್ಯದ ಅಧಿಕಾರಿ ಹಿಡಿಯಬಹುದು. ಹದಿಮೂರನೇ ಮೈಲಿನಲ್ಲಿ ಎಳೆದರೆ ಅದೇ ಅಧಿಕಾರಿಗೆ ಆ ರಾಜ್ಯದ ಕಾಯ್ದೆಯ ಬಲ ಇಲ್ಲ. 2012ರಲ್ಲಿ ಕೇರಳದ ತೀರದಿಂದ ಸುಮಾರು 20.5 ಮೈಲು ದೂರದಲ್ಲಿ ಇಟಲಿಯ ಹಡಗಿನಿಂದ ಗುಂಡು ಹಾರಿ ಇಬ್ಬರು ಮೀನುಗಾರರು ಸತ್ತ ಪ್ರಕರಣ ನೆನಪಿರಬಹುದು. ಅದರಲ್ಲಿ 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಹನ್ನೆರಡು ಮೈಲಿನಾಚೆ ರಾಜ್ಯಕ್ಕೆ ಅಧಿಕಾರವಿಲ್ಲ, ಇರುವುದು ಕೇಂದ್ರಕ್ಕೆ. ಅದು ಕೊಲೆಯ ಮೊಕದ್ದಮೆ, ಮೀನಿನದ್ದಲ್ಲ. ಆದರೂ ಗೆರೆಯ ಬಗ್ಗೆ ವಾದ ಬಂದಾಗ ನಾನು ಮೊದಲು ತೆಗೆಯುವ ತೀರ್ಪು ಅದೇ.

ಗೆರೆ ಎಲ್ಲಿಂದ ಶುರು ಎಂಬಲ್ಲಿ ಬೋಟು ನಡೆಸುವ ಅನುಭವಸ್ಥ ತಾಂಡೇಲರೂ ಎಡವುತ್ತಾರೆ. ದಡದ ದೀಪಸ್ತಂಭದಿಂದಲೋ, ಕಾಣುವ ಗುಡ್ಡದಿಂದಲೋ, ಹೊರಟ ಬಂದರಿನಿಂದಲೋ ಅಳೆಯುವುದು ಅವರ ರೂಢಿ. ಕಾನೂನು ಅಳೆಯುವುದು ಆಧಾರರೇಖೆಯಿಂದ. ಸಾಮಾನ್ಯವಾಗಿ ಅದು ನೀರು ಪೂರ್ತಿ ಇಳಿದಾಗಿನ ದಡದ ಅಂಚು. ದಡ ತೀರಾ ಅಂಕುಡೊಂಕಾಗಿರುವಲ್ಲಿ ಅಥವಾ ದಡದುದ್ದಕ್ಕೂ ದ್ವೀಪಗಳ ಸಾಲು ಇರುವಲ್ಲಿ ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಎಳೆಯಲು ಒಪ್ಪಂದ ಅವಕಾಶ ಕೊಡುತ್ತದೆ. ಭಾರತ ಅಂಥ ಬಿಂದುಗಳನ್ನು 2009ರಲ್ಲಿ ಪ್ರಕಟಿಸಿದೆ. ಜೊತೆಗೆ, ದ್ವೀಪಕ್ಕೂ ತನ್ನದೇ ಹನ್ನೆರಡು ಮೈಲು ಇದೆ.

ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂದು ತಿಳಿಯಲು ನೇತ್ರಾಣಿಯನ್ನು ನೋಡಿ. ಮುರ್ಡೇಶ್ವರದಿಂದ ನೇತ್ರಾಣಿ ಸುಮಾರು ಹತ್ತು ನಾಟಿಕಲ್ ಮೈಲು ದೂರ. ಒಂದು ಬೋಟು ಮುರ್ಡೇಶ್ವರದ ನೇರಕ್ಕೆ ಹದಿನೆಂಟು ಮೈಲು ಹೊರಗೆ ಬಂದಿದೆ ಎಂದುಕೊಳ್ಳಿ. ದಡದಿಂದ ಅಳೆದರೆ ಅದು ಗೆರೆ ದಾಟಿ ಆರು ಮೈಲಾಯಿತು, ತಾಂಡೇಲರು ನಿಶ್ಚಿಂತೆಯಿಂದ ಬಲೆ ಬಿಡುತ್ತಾರೆ. ನೇತ್ರಾಣಿಯಿಂದ ಅಳೆದರೆ ಅದು ಎಂಟೇ ಮೈಲಿನಲ್ಲಿದೆ, ಪ್ರಾದೇಶಿಕ ಸಮುದ್ರದೊಳಗೇ. ಆ ನೇರಕ್ಕೆ ಗೆರೆ ಇಪ್ಪತ್ತೆರಡು ಮೈಲಿನ ಹತ್ತಿರಕ್ಕೆ ಉಬ್ಬಿ ನಿಂತಿರುತ್ತದೆ. ಬೇರೆ ರಾಜ್ಯದ ಕಡಲಿಗೆ ಹೋಗುವವರು ಅಲ್ಲಿನ ದ್ವೀಪಗಳನ್ನು ಬೋಟಿನ ಜಾಗ ತೋರಿಸುವ ಪ್ಲಾಟರ್‌ನಲ್ಲಿ ಗುರುತು ಮಾಡಿಕೊಳ್ಳದೆ ಹೊರಟರೆ, ದಡದ ಲೆಕ್ಕ ಹಿಡಿದು ಸಿಕ್ಕಿಬೀಳುತ್ತಾರೆ. "ದಡದಿಂದ ಹದಿನೈದು ಮೈಲು ಇತ್ತು" ಎಂದು ಹೇಳಿದರೆ ಪ್ರಯೋಜನವಿಲ್ಲ. ಹತ್ತಿರದ ಆಧಾರರೇಖೆಯಿಂದ ಎಷ್ಟು ಎಂಬುದೊಂದೇ ಲೆಕ್ಕಕ್ಕೆ ಬರುತ್ತದೆ.

ಈಗ ಒಂದು ಪ್ರಕರಣ. ರಾಜ್ಯದ ಹೆಸರು, ಕಚೇರಿಯ ಹೆಸರು ಬೇಡ. ನಮ್ಮ ಕಡೆಯ ಟ್ರಾಲ್ ಬೋಟೊಂದನ್ನು ನೆರೆಯ ರಾಜ್ಯದ ಗಸ್ತು ದೋಣಿ ಬೆಳಗಿನ ಜಾವ ಹಿಡಿಯಿತು. ಮಹಜರಿನಲ್ಲಿ ಬೋಟು 11.85 ಮೈಲಿನಲ್ಲಿತ್ತೆಂದು ಬರೆದಿದ್ದರು. ಮೀನನ್ನು ಆ ಬಂದರಿನಲ್ಲೇ ಹರಾಜು ಹಾಕಿ ಹಣ ಜಮಾ ಮಾಡಿದ್ದರು, ಬೋಟನ್ನು ಕಟ್ಟಿಹಾಕಿದ್ದರು. ತಾಂಡೇಲರು ಮಾತ್ರ ಹಠ ಹಿಡಿದಿದ್ದರು: "ನಾನು ಸ್ಕ್ರೀನ್ ನೋಡಿಕೊಂಡೇ ಇದ್ದೆ ಸ್ವಾಮಿ, ಹನ್ನೆರಡು ದಾಟಿಯೇ ಇತ್ತು."

ಮಹಜರಿನಲ್ಲಿದ್ದ ರೇಖಾಂಶ 73 ಡಿಗ್ರಿ, ಇಷ್ಟು ಮಿನಿಟು, 55 ಸೆಕೆಂಡು ಎಂದಿತ್ತು. ಬೋಟಿನ ಜಿಪಿಎಸ್‌ನಲ್ಲಿ ಉಳಿದಿದ್ದ ದಾಖಲೆ ತೆರೆದು ಅದೇ ಹೊತ್ತಿನ ಬಿಂದು ನೋಡಿದೆ. ಡಿಗ್ರಿ ಅದೇ, ಮಿನಿಟು ಅದೇ, ನಂತರ ಒಂದು ಚುಕ್ಕಿ, ಆಮೇಲೆ 55. ಸ್ಕ್ರೀನ್ ತೋರಿಸುತ್ತಿದ್ದುದು ಸೆಕೆಂಡನ್ನಲ್ಲ, ಮಿನಿಟಿನ ದಶಮಾಂಶವನ್ನು. ಗಸ್ತಿನವರು ಕತ್ತಲಲ್ಲಿ ನಮ್ಮ ಬೋಟಿನ ಸ್ಕ್ರೀನ್ ನೋಡಿ ಬರೆದುಕೊಂಡಿದ್ದರು. ಆಮೇಲೆ ಕಚೇರಿಯಲ್ಲಿ ಮಹಜರು ಬರೆಯುವಾಗ ಚುಕ್ಕಿ ಹೋಗಿ ಸೆಕೆಂಡಾಗಿತ್ತು.

55 ಸೆಕೆಂಡು ಅಂದರೆ ಮಿನಿಟಿನ 60 ಭಾಗದಲ್ಲಿ 55, ದಶಮಾಂಶದಲ್ಲಿ ಸುಮಾರು 0.92. ಸ್ಕ್ರೀನಿನಲ್ಲಿದ್ದುದು 0.55. ವ್ಯತ್ಯಾಸ 0.37 ಮಿನಿಟು. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 650 ಮೀಟರ್, ಮೈಲಿನಲ್ಲಿ 0.35. 11.85ಕ್ಕೆ ಅದನ್ನು ಸೇರಿಸಿದರೆ 12.2. ತಾಂಡೇಲರು ಹೇಳಿದ್ದು ಸರಿಯಾಗಿತ್ತು.

ಇಲ್ಲಿ ಇನ್ನೂ ಒಂದು ವಿಷಯವನ್ನು ನಮ್ಮ ಮೀನುಗಾರರು ಗಮನಿಸಬೇಕು. ನೂರರ ಭಾಗವನ್ನು ಅರವತ್ತರ ಭಾಗ ಎಂದು ಓದಿದರೆ ಸಂಖ್ಯೆ ಯಾವಾಗಲೂ ದೊಡ್ಡದಾಗುತ್ತದೆ. ರೇಖಾಂಶ ದೊಡ್ಡದಾದರೆ ಬೋಟು ಪೂರ್ವಕ್ಕೆ ಸರಿಯುತ್ತದೆ. ಪಶ್ಚಿಮ ಕರಾವಳಿಯಲ್ಲಿ ಪೂರ್ವ ಅಂದರೆ ದಡ. ಹಾಗಾಗಿ ಈ ತಪ್ಪು ನಮ್ಮ ಬೋಟುಗಳನ್ನು ಯಾವಾಗಲೂ ಒಳಗೇ ತಳ್ಳುತ್ತದೆ, ಹೊರಗೆ ತಳ್ಳುವುದೇ ಇಲ್ಲ. ಮಹಜರಿನಲ್ಲಿ ಸೆಕೆಂಡು ಎಂದು ಕಂಡ ತಕ್ಷಣ ಸ್ಕ್ರೀನಿನ ಫೋಟೋ ಇದೆಯೇ ಎಂದು ನಾನು ಕೇಳುವುದು ಇದಕ್ಕೇ.

ಎರಡನೇ ಪ್ರಶ್ನೆಗೂ ಅದೇ ಯಂತ್ರ ಉತ್ತರ ಕೊಡುತ್ತದೆ. ಹನ್ನೆರಡು ಮೈಲಿನೊಳಗೆ ಬೋಟು ಇದ್ದ ಮಾತ್ರಕ್ಕೆ ಮೀನು ಹಿಡಿಯಿತು ಎಂದಾಗುವುದಿಲ್ಲ. ಗಾಳಿ ಎದ್ದಾಗ ಆಸರೆಗೆ ಬರುತ್ತಾರೆ, ಡೀಸೆಲ್ ಮುಗಿದು ಬರುತ್ತಾರೆ, ಊರಿಗೆ ಮರಳುವ ದಾರಿಯಲ್ಲಿ ಹಾಯುತ್ತಾರೆ. ಟ್ರಾಲ್ ಬಲೆ ಎಳೆಯುವ ಬೋಟು ಗಂಟೆಗೆ ಸುಮಾರು ಮೂರು ಮೈಲು ಹೋಗುತ್ತದೆ. ಬಲೆ ಎತ್ತಿಕೊಂಡು ಸುಮ್ಮನೆ ಓಡುವ ಬೋಟು ಏಳೆಂಟು ಮೈಲು ಹೋಗುತ್ತದೆ. ದಾಖಲೆಯ ಬಿಂದುಗಳ ನಡುವಿನ ಅಂತರ ನೋಡಿದರೆ ಯಾವ ಗಂಟೆಯಲ್ಲಿ ಬಲೆ ನೀರಿನಲ್ಲಿತ್ತು ಎಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಆದರೆ ಈ ಸಾಕ್ಷ್ಯ ಎರಡೂ ಕಡೆ ಹರಿತ. ಒಳಗೆ ಎಂಟು ಮೈಲಿನಲ್ಲಿ ಮೂರು ಗಂಟೆ ನಿಧಾನಕ್ಕೆ ಹಿಂದೆ ಮುಂದೆ ಓಡಾಡಿದ ದಾಖಲೆ ಇಟ್ಟುಕೊಂಡು ನನ್ನ ಬಳಿ ಬಂದವರಿಗೆ, ದಂಡ ಕಟ್ಟಿ ಬೋಟು ಬಿಡಿಸಿಕೊಳ್ಳಿ ಎಂದೇ ಹೇಳುತ್ತೇನೆ. ಅಂಥಲ್ಲಿ ದಾಖಲೆ ಅಳಿಸುವ ಸಲಹೆ ಕೊಡುವವರಿದ್ದಾರೆ. ಅದು ಸಾಕ್ಷ್ಯ ನಾಶ, ಸಣ್ಣ ದಂಡದ ಪ್ರಕರಣವನ್ನು ಅದು ಕ್ರಿಮಿನಲ್ ಪ್ರಕರಣವಾಗಿಸುತ್ತದೆ.

ಹೊರಗಿದ್ದರೆ ಎಲ್ಲ ಮುಗಿಯಿತೇ ಎಂದು ಕೇಳುತ್ತಾರೆ. ಇಲ್ಲ. 1976ರ ಕಾಯ್ದೆ ಆರ್ಥಿಕ ವಲಯದ ಸಂಪತ್ತಿಗೆ ಕೈಹಾಕಲು ಪರವಾನಗಿ ಬೇಕು ಎಂದು ಹೇಳಿ, ಭಾರತದ ಪ್ರಜೆ ಮಾಡುವ ಮೀನುಗಾರಿಕೆಗೆ ಅದರಿಂದ ವಿನಾಯಿತಿ ಕೊಟ್ಟಿದೆ. ನಮ್ಮವರು ಹೊರಗಿನ ಕಡಲನ್ನು ಸ್ವಂತ ಅಂಗಳದಂತೆ ಕಂಡಿದ್ದಕ್ಕೆ ಕಾನೂನಿನ ಆಧಾರ ಇತ್ತು. ಆದರೆ ಕೇಂದ್ರದ ಆದೇಶಗಳು ಅಲ್ಲಿಗೂ ಅನ್ವಯಿಸುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ನಿಷೇಧ ಹನ್ನೆರಡರ ಆಚೆಯೂ ಇದೆ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮತ್ತು ಬೆಳಕು ಬಿಟ್ಟು ಮೀನು ಸೆಳೆಯುವುದನ್ನು 2017ರ ನವೆಂಬರ್‌ನಲ್ಲಿ ಆರ್ಥಿಕ ವಲಯದಲ್ಲೂ ನಿಷೇಧಿಸಿದರು. 2025ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮಗಳ ಪ್ರಕಾರ ಯಾಂತ್ರೀಕೃತ ಬೋಟುಗಳು ಆರ್ಥಿಕ ವಲಯದಲ್ಲಿ ಮೀನು ಹಿಡಿಯಲು ಆನ್‌ಲೈನ್‌ನಲ್ಲಿ ಪ್ರವೇಶ ಪಾಸ್ ಪಡೆಯಬೇಕು. ಸಾಂಪ್ರದಾಯಿಕ ದೋಣಿಗಳಿಗೆ ಅದು ಬೇಡ. ಹೀಗಾಗಿ 12.2 ಮೈಲಿನಲ್ಲಿದ್ದ ಬೋಟಿನ ಪರವಾಗಿ ಇಂದು ವಾದಿಸುವುದಾದರೆ ಆ ಪಾಸನ್ನೂ ಫೈಲಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ.

ಗೆರೆಯ ಎರಡು ಬದಿಗೆ ಎರಡು ಕಾನೂನು ಇದ್ದಾಗ ದಾಟುವುದೇ ತೊಡಕು ಎಂಬುದನ್ನು ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಯ ಬಗ್ಗೆ ತಮಿಳುನಾಡಿನಲ್ಲಿ ನಡೆದ ಪ್ರಕರಣ ತೋರಿಸಿತು. ರಾಜ್ಯ ತನ್ನ ಹನ್ನೆರಡು ಮೈಲಿನಲ್ಲಿ ಪರ್ಸೀನ್ ನಿಷೇಧಿಸಿತ್ತು, ಆದರೆ ಹೊರಗೆ ಹೋಗಲು ಬೋಟು ಅದೇ ನೀರಿನಲ್ಲಿ ಹಾಯಬೇಕು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಸೋಮವಾರ ಮತ್ತು ಗುರುವಾರ ಬೆಳಗ್ಗೆ 8ರಿಂದ ಸಂಜೆ 6ರವರೆಗೆ, ಬೋಟಿನ ಜಾಡು ಹಿಡಿಯುವ ಯಂತ್ರ ಇಟ್ಟುಕೊಂಡು, ಹನ್ನೆರಡರಾಚೆ ಮಾತ್ರ ಬಲೆ ಬಿಡಲು ಬಿಟ್ಟಿತು. ಅಲ್ಲಿಯೂ ಕೊನೆಗೆ ನಂಬಿದ್ದು ಬೋಟಿನ ಜಾಡಿನ ದಾಖಲೆಯನ್ನೇ.

ನಮ್ಮ ಪ್ರಕರಣಕ್ಕೆ ಮರಳಿದರೆ, ನಿರ್ಣಯಾಧಿಕಾರಿ ಮೊದಲ ದಿನ ಮಹಜರನ್ನೇ ನಂಬಿದರು. ಎರಡನೇ ದಿನ ಯಂತ್ರವನ್ನೇ ಅವರ ಮೇಜಿನ ಮೇಲಿಟ್ಟು, ಆನ್ ಮಾಡಿ, ಆ ಬಿಂದುವನ್ನು ತೋರಿಸಿದೆ. ಚುಕ್ಕಿಯ ನಂತರ 78 ಇರುವ ಇನ್ನೊಂದು ಬಿಂದುವನ್ನೂ ತೋರಿಸಿದೆ. ಸೆಕೆಂಡು ಅರವತ್ತು ದಾಟುವುದಿಲ್ಲವಲ್ಲ ಎಂದಾಗ ಅವರು ತಾವೇ ಕ್ಯಾಲ್ಕುಲೇಟರ್ ತೆಗೆದುಕೊಂಡರು. ಬೋಟು ಬಿಡುಗಡೆಯಾಯಿತು, ಹರಾಜಿನ ಹಣವೂ ಬಂತು. ಹದಿನೇಳು ದಿನದ ಕಡಲು ಹೋಯಿತು, ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೆ ಆ ದಿನಗಳ ಪಾಲು ಸಿಗಲಿಲ್ಲ, ಹರಾಜಿನಲ್ಲಿ ಮೀನಿಗೆ ಮಲ್ಪೆಯ ದರದ ಅರ್ಧವೂ ಬಂದಿರಲಿಲ್ಲ. ಅಂದಿನಿಂದ ಆ ಮಾಲೀಕರ ಮೂರೂ ಬೋಟುಗಳಲ್ಲಿ ಗಸ್ತು ದೋಣಿ ಹತ್ತಿರ ಬಂದ ಕೂಡಲೇ ಮೊದಲು ಮಾಡುವ ಕೆಲಸ, ಗಡಿಯಾರವೂ ಕಾಣುವ ಹಾಗೆ ಸ್ಕ್ರೀನಿನ ಫೋಟೋ ತೆಗೆದು ದಡಕ್ಕೆ ಕಳಿಸುವುದು, ಸಿಗ್ನಲ್ ಇಲ್ಲದಿದ್ದರೆ ಯಂತ್ರದಲ್ಲಿ ಆ ಬಿಂದುವನ್ನು ಗುರುತು ಮಾಡಿಡುವುದು.