‘ಐದು ಪೋಸ್ಟರ್ ಮಾಡಿ ತೋರ್ಸು, ಆಮೇಲೆ ನೋಡಾನ’

ಪ್ರಶ್ನೆ: ದಾವಣಗೆರೆಯಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತೇನೆ. ಬಟ್ಟೆ ಅಂಗಡಿಯವರೊಬ್ಬರು ‘ದೀಪಾವಳಿಗೆ ಐದು ಪೋಸ್ಟರ್ ಮಾಡಿ ತೋರ್ಸು ತಮ್ಮಾ, ಹಿಡಿಸಿದ್ರೆ ತಿಂಗಳ ಕೆಲ್ಸ ಕೊಡ್ತೀವಿ’ ಅಂದಿದ್ದಾರೆ. ದುಡ್ಡಿನ ಮಾತೇ ಎತ್ತಿಲ್ಲ. ಒಲ್ಲೆ ಅಂದರೆ ಗಿರಾಕಿ ಹೋಗುತ್ತಾರೆ, ಒಪ್ಪಿದರೆ ಪುಕ್ಕಟೆ ದುಡಿಮೆ. ಏನು ಮಾಡಲಿ?

ಉತ್ತರ: ನೀವು ಕಳಿಸಿದ್ದನ್ನು ಅವರು ನಾಳೆ ಬೆಳಿಗ್ಗೆ ಹಾಗೇ ಸ್ಟೇಟಸ್‌ಗೆ ಹಾಕಿಕೊಳ್ಳಬಹುದೇ? ಹೌದಾದರೆ ಅದು ಕೆಲಸ, ಅದಕ್ಕೆ ರೇಟು ಇರಬೇಕು. ಹಾಕಿಕೊಳ್ಳಲು ಬರದಿದ್ದರೆ ಮಾತ್ರ ಅದು ಪರೀಕ್ಷೆ. ಅಂಗಡಿಯವರ ಮನಸ್ಸಿನಲ್ಲಿ ಮೋಸ ಇದೆಯೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಸೀರೆ ಕೊಳ್ಳುವವರಿಗೆ ಹತ್ತು ಮಡಿಕೆ ಬಿಚ್ಚಿ ತೋರಿಸಿ ರೂಢಿಯಾದವರು ನಿಮ್ಮಿಂದಲೂ ಅದನ್ನೇ ಬಯಸುತ್ತಾರೆ. ಆದರೆ ಬಿಚ್ಚಿದ ಸೀರೆ ಮತ್ತೆ ಕಪಾಟು ಸೇರುತ್ತದೆ. ಹಬ್ಬ ಮುಗಿದ ಮೇಲೆ ನಿಮ್ಮ ದೀಪಾವಳಿ ಪೋಸ್ಟರ್ ಇನ್ನಾರಿಗೂ ಬೇಡ.

ಇಲ್ಲಿ ಐದು ಎನ್ನುವ ಲೆಕ್ಕವನ್ನು ಗಮನಿಸಿ. ಕೈ ಹೇಗಿದೆ ಎಂದು ತಿಳಿಯಲು ಒಂದು ಸಾಕು. ಐದು ಇದ್ದರೆ ಹಬ್ಬದ ವಾರದ ಪ್ರಚಾರವೇ ಮುಗಿಯಿತು. ಒಂದಕ್ಕೆ ಎರಡೂವರೆ ತಾಸು ಹಿಡಿದರೂ ಹನ್ನೆರಡೂವರೆ ತಾಸು. ನಿಮ್ಮ ರೇಟು ಪೋಸ್ಟರಿಗೆ 400 ರೂಪಾಯಿ ಅಂದುಕೊಂಡರೆ ಕೈಬಿಡುತ್ತಿರುವುದು 2,000. ಅದರ ಮೇಲೆ ‘ಸಣ್ಣ ಚೇಂಜು’ಗಳು ಬೇರೆ. ಹೆಚ್ಚಿನ ಹೊತ್ತು ಸೋರಿಹೋಗುವುದು ಅಲ್ಲೇ.

ಹಾಗಾಗಿ ಮೊದಲು ಹಳೆಯ ಕೆಲಸ ಮೂರು ಕಳಿಸಿ, ಅವುಗಳಲ್ಲಿ ಒಂದಾದರೂ ಬಟ್ಟೆಯದ್ದಿರಲಿ. ಇಲ್ಲದಿದ್ದರೆ ಮುಗಿದುಹೋದ ಹಬ್ಬಕ್ಕೆ, ಅಂದರೆ ಯುಗಾದಿಗೆ, ಕಾಲ್ಪನಿಕ ಹೆಸರಿನ ಅಂಗಡಿಯದ್ದೊಂದು ಮಾಡಿ. ಬಣ್ಣ, ಅಕ್ಷರ, ಸೀರೆ ಫೋಟೋ ಕೂರಿಸಿದ ರೀತಿ ಎಲ್ಲ ಅದರಲ್ಲೇ ಕಾಣುತ್ತದೆ, ದೀಪಾವಳಿಗೆ ಮಾತ್ರ ಬಳಸಲು ಬರುವುದಿಲ್ಲ. ಅದು ಮುಂದಿನ ಗಿರಾಕಿಗೂ ತೋರಿಸಲು ಆಗುತ್ತದೆ.

‘ನಮ್ಮ ಅಂಗಡಿದೇ ಬೇಕು’ ಅಂದರೆ ವಾಟ್ಸಾಪ್‌ನಲ್ಲಿ ಹೀಗೆ ಬರೆಯಿರಿ: ‘ಸರ್, ಒಂದು ಪೋಸ್ಟರ್ ಮಾಡಿ ಕೊಡ್ತೀನಿ, 400 ರೂಪಾಯಿ. 200 ಮೊದಲು, ಉಳಿದದ್ದು ಫೈನಲ್ ಫೈಲ್ ಕೊಡುವಾಗ. ಒಂದು ಸಲ ತಿದ್ದುಪಡಿ ಇದರಲ್ಲೇ ಸೇರಿದೆ. ತಿಂಗಳ ಕೆಲಸ ಕೊಟ್ಟರೆ ಈ 400 ಮೊದಲ ಬಿಲ್‌ನಲ್ಲಿ ಕಳೀತೀನಿ.’ ಫೋನಿನಲ್ಲಿ ಮಾತಾಡಿದ್ದರೂ ಆಮೇಲೆ ಇದನ್ನು ಕಳಿಸಲೇಬೇಕು. ‘ಹಿಡಿಸಿದರೆ ದುಡ್ಡು ಕೊಡಿ’ ಎಂದು ಮಾತ್ರ ಬರೆಯಬೇಡಿ. ಹಿಡಿಸಲಿಲ್ಲ ಅನ್ನುವುದಕ್ಕೆ ಅವರಿಗೆ ಖರ್ಚೇನೂ ಇಲ್ಲ.

ಇನ್ನು ತೋರಿಸುವ ಬಗೆ. ‘ಕಡಿಮೆ ರೆಸಲ್ಯೂಷನ್‌ನಲ್ಲಿ ಕಳಿಸು’ ಎಂಬ ಬುದ್ಧಿಮಾತು ಫ್ಲೆಕ್ಸ್‌ಗೆ ಸರಿ. ಆರಡಿ ಫ್ಲೆಕ್ಸ್‌ಗೆ ಹಿಗ್ಗಿಸಿದರೆ ಚಿತ್ರ ಒಡೆದು ಕಾಣುತ್ತದೆ. ಸ್ಟೇಟಸ್ ನೋಡುವುದು ಫೋನಿನ ಚಿಕ್ಕ ಪರದೆಯಲ್ಲಿ, ಅಲ್ಲಿಗೆ 540 ಪಿಕ್ಸೆಲ್ ಅಗಲದ ಚಿತ್ರವೂ ನಡೆದುಬಿಡುತ್ತದೆ. ಮೂಲೆಯಲ್ಲಿ ಹಾಕಿದ ನಿಮ್ಮ ಹೆಸರನ್ನು ಕತ್ತರಿಸಲು ಎರಡು ಸೆಕೆಂಡು ಸಾಕು. ಅದಕ್ಕೇ ತೋರಿಸುವ ಪ್ರತಿಯಲ್ಲಿ ಆಫರ್ ಇರುವ ಜಾಗಕ್ಕೆ ‘00% ರಿಯಾಯಿತಿ’, ಫೋನ್ ನಂಬರಿನ ಜಾಗಕ್ಕೆ ಬರೀ ಸೊನ್ನೆ ಹಾಕಿ, ‘ಮಾದರಿ’ ಎಂಬ ಪದವನ್ನು ಸೀರೆಯ ಮೇಲೆ ಹಾದುಹೋಗುವಂತೆ ಓರೆಯಾಗಿ ಬರೆಯಿರಿ. ಡಿಸೈನ್ ಪೂರ್ತಿ ಕಾಣುತ್ತದೆ, ಹಾಕಿಕೊಳ್ಳಲು ಮಾತ್ರ ಆಗದು. ‘ಫ್ಲೆಕ್ಸ್ ಅಂಗಡಿಯವ್ರು ಕೇಳ್ತಾರೆ, ಕೋರಲ್ ಫೈಲ್ ಕಳ್ಸು’ ಅಂದರೆ ಬಾಕಿ 200 ಬಂದ ಮೇಲೆಯೇ. ತಿದ್ದಲು ಬರುವ ಆ ಮೂಲ ಫೈಲ್ ಕೈಗೆ ಸಿಕ್ಕರೆ ಉಳಿದ ನಾಲ್ಕು ಪೋಸ್ಟರನ್ನು ಯಾರು ಬೇಕಾದರೂ ಅದರಿಂದಲೇ ಎಬ್ಬಿಸುತ್ತಾರೆ.

ಇಷ್ಟಾದರೂ ಯಾರೋ ಸೊನ್ನೆ ಅಳಿಸಿ ಹಾಕಿಕೊಂಡರೆ? 1957ರ ಕೃತಿಸ್ವಾಮ್ಯ ಕಾಯ್ದೆ ನಿಮ್ಮ ಕಡೆಗಿದೆ. ನೀವು ಅವರ ನೌಕರರಲ್ಲ, ಅವರು ಪೂರ್ತಿ ದುಡ್ಡು ಕೊಟ್ಟಿಲ್ಲ. 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆಗೆ ನಿಮ್ಮ ಸಹಿಯಿರುವ ಬರಹವೇ ಬೇಕು. ಹಾಗಂತ 200 ರೂಪಾಯಿಗೆ ಕೋರ್ಟು ಹತ್ತುವುದು ದಡ್ಡತನ. ಸ್ಟೇಟಸ್ 24 ತಾಸಿಗೆ ಮಾಯವಾಗುವುದರಿಂದ ದಿನ, ಹೊತ್ತು ಕಾಣುವಂತೆ ಕೂಡಲೇ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಅದರ ಜೊತೆ ಬಿಲ್ ಕಳಿಸಿ, ಜಗಳದ ಮಾತು ಬೇಡ: ‘ಸರ್, ಪೋಸ್ಟರ್ ಬಳಸಿದ್ದೀರಿ, ಸಂತೋಷ. ಬಾಕಿ 200 ಈ ನಂಬರಿಗೆ ಹಾಕಿ.’

ಅಡ್ವಾನ್ಸ್ 200 ಕೇಳಿದಾಗಲೇ ‘ಇಷ್ಟಕ್ಕೆಲ್ಲಾ ಯಾಕಪ್ಪಾ’ ಎಂದು ರಾಗ ಎಳೆಯುವವರು ತಿಂಗಳ ಬಿಲ್ಲಿಗೂ ಅದೇ ರಾಗ ಎಳೆಯುತ್ತಾರೆ. ಅಂಥವರಿಗೆ ಯುಗಾದಿ ಪೋಸ್ಟರ್ ಕಳಿಸಿ ಸುಮ್ಮನಾಗಿ.